ಗೋಷ್ಠಿಗೆ ಬರಲಾಗದವರಿಗಾಗಿ ಎಕ್ಸ್‌ನಲ್ಲಿ ಸಾರ ಬರೆಯುವ ಕ್ರಮ

ಮಲೆನಾಡಿನಲ್ಲಿ ಮಳೆ ಹಿಡಿಯುವ ಮುಂಚಿನ ವಾರಗಳಲ್ಲಿ ಶಿವಮೊಗ್ಗ, ಸಾಗರ, ತೀರ್ಥಹಳ್ಳಿಗಳಲ್ಲಿ ಕೃಷಿ ವಿಚಾರಸಂಕಿರಣಗಳು ಒಂದರ ಹಿಂದೊಂದು ನಡೆಯುತ್ತವೆ. ತೋಟದಲ್ಲಿ ಕೈತುಂಬ ಕೆಲಸವಿರುವುದೂ ಅದೇ ವಾರಗಳಲ್ಲಿ. ಹೀಗಾಗಿ ಯಾರಿಗೆ ಆ ಮಾತು ಬೇಕಿರುತ್ತದೆಯೋ ಅವರಿಗೇ ಬರಲಾಗುವುದಿಲ್ಲ. ಗೋಷ್ಠಿಗಳ ಸಾರವನ್ನು ನಾನು ಎಕ್ಸ್‌ನಲ್ಲಿ ಥ್ರೆಡ್ ಆಗಿ, ಅಂದರೆ ಒಂದಕ್ಕೊಂದು ಪೋಣಿಸಿದ ಚಿಕ್ಕ ಪೋಸ್ಟ್‌ಗಳ ಸರಣಿಯಾಗಿ, ಹಾಕುತ್ತ ಬಂದಿದ್ದೇನೆ. ಅದನ್ನು ಹೇಗೆ ಮಾಡುವುದು, ಕನ್ನಡದಲ್ಲಿ ಬರೆದರೆ ಎಷ್ಟು ಹಿಡಿಸುತ್ತದೆ, ತಪ್ಪಾದರೆ ಏನು ಮಾಡಬೇಕು ಎಂದು ಓದುಗರು ಪದೇ ಪದೇ ಕೇಳುವುದರಿಂದ ಈ ಲೇಖನ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಮನಸ್ಸಿನಲ್ಲಿರಲಿ. ನೀವು ಬರೆಯುವ ಸರಣಿಯನ್ನು ಮೊದಲಿನಿಂದ ಕೊನೆಯವರೆಗೆ ಓದುವವರು ಕಡಿಮೆ. ಹೆಚ್ಚಿನವರ ಕೈಗೆ ಸಿಗುವುದು ನಡುವಿನ ಯಾವುದೋ ಒಂದು ಪೋಸ್ಟ್, ಅದೂ ವಾಟ್ಸ್‌ಆಪ್ ಗುಂಪಿಗೆ ಯಾರೋ ಹಾಕಿದ ಸ್ಕ್ರೀನ್‌ಶಾಟ್ ರೂಪದಲ್ಲಿ. ಆದ್ದರಿಂದ ಪ್ರತಿ ಪೋಸ್ಟನ್ನೂ ಅದೊಂದೇ ಊರೂರು ಸುತ್ತಲಿದೆ ಎಂದುಕೊಂಡೇ ಬರೆಯಬೇಕು. ಮುಂದಿನ ಹಂತಗಳೆಲ್ಲ ಈ ಒಂದು ಕಾರಣದಿಂದಲೇ ಹುಟ್ಟಿದವು.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ: ಒಂದು ನೋಟ್‌ಬುಕ್, ಪೆನ್ನು, ಚಾರ್ಜ್ ತುಂಬಿದ ಫೋನ್, ಆ ಫೋನಿನಲ್ಲಿ ಇಂಟರ್ನೆಟ್ ಇಲ್ಲದೆಯೂ ತೆರೆಯುವ ಟಿಪ್ಪಣಿ ಆಪ್ ಮತ್ತು ಒಂದು ಎಕ್ಸ್ ಖಾತೆ. ಉಚಿತ ಖಾತೆ ಸಾಕು. ಹಣ ಕೊಟ್ಟವರಿಗೆ ಉದ್ದದ ಪೋಸ್ಟ್ ಬರೆಯುವ ಅವಕಾಶವಿದೆ ನಿಜ. ಆದರೆ ಉದ್ದದ ಪೋಸ್ಟ್ ಓದುವವರ ಪರದೆಯಲ್ಲಿ ಅರ್ಧಕ್ಕೇ ಮಡಚಿಕೊಂಡು ಕಾಣುತ್ತದೆ. ಪ್ರಮಾಣ, ಷರತ್ತುಗಳೆಲ್ಲ ಆ ಮಡಿಕೆಯ ಒಳಗೆ ಉಳಿದುಬಿಡುವುದರಿಂದ ಈ ಕೆಲಸಕ್ಕೆ ನಾನು ಚಿಕ್ಕ ಪೋಸ್ಟನ್ನೇ ನೆಚ್ಚುತ್ತೇನೆ.

1. ಹೋಗುವ ಮುನ್ನ ಅನುಮತಿ

ಗೋಷ್ಠಿ ಸಾರ್ವಜನಿಕವಾಗಿದೆ ಎಂದ ಮಾತ್ರಕ್ಕೆ ಅಲ್ಲಿ ಆಡಿದ ಮಾತೆಲ್ಲವನ್ನೂ ಹೊರಗೆ ಹಾಕಬಹುದು ಎಂದಲ್ಲ. ಸಂಘಟಕರಿಗೆ ಹಿಂದಿನ ದಿನವೇ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ: ಭಾಷಣಕಾರರ ಹೆಸರಿನೊಂದಿಗೆ ಸಾರ ಹಾಕಬಹುದೇ, ಸ್ಲೈಡುಗಳ ಫೋಟೋ ಹಾಕಬಹುದೇ, ಗೋಷ್ಠಿಗೆ ಅವರೇ ಇಟ್ಟ ಹ್ಯಾಶ್‌ಟ್ಯಾಗ್ ಇದೆಯೇ. ವಿಜ್ಞಾನಿಗಳು ಇನ್ನೂ ಪ್ರಕಟವಾಗದ ಪ್ರಯೋಗದ ಅಂಕಿಗಳನ್ನು ಸಭೆಯಲ್ಲಿ ತೋರಿಸುವುದುಂಟು. ಅಂಥ ಸ್ಲೈಡನ್ನು ನೀವು ಫೋಟೋ ತೆಗೆದು ಹಾಕಿದರೆ ಅವರ ವರ್ಷಗಟ್ಟಲೆಯ ಕೆಲಸ ಅವರ ಕೈತಪ್ಪಿ ಹೊರಬಿದ್ದಂತಾಗುತ್ತದೆ. ಅನುಮಾನವಿದ್ದಲ್ಲಿ ಆ ಸ್ಲೈಡನ್ನು ಬಿಟ್ಟುಬಿಡಿ.

ಕೆಲವು ಸಭೆಗಳಲ್ಲಿ "ಚಾಟಮ್ ಹೌಸ್ ನಿಯಮ" ಎಂದು ಆರಂಭದಲ್ಲೇ ಘೋಷಿಸುತ್ತಾರೆ. ಲಂಡನ್ನಿನ ಒಂದು ಅಧ್ಯಯನ ಸಂಸ್ಥೆಯಲ್ಲಿ 1927ರಲ್ಲಿ ರೂಪುಗೊಂಡ ಈ ನಿಯಮದ ಅರ್ಥ ಇಷ್ಟು: ಕೇಳಿದ ವಿಷಯವನ್ನು ಬಳಸಬಹುದು, ಆದರೆ ಅದನ್ನು ಹೇಳಿದವರು ಯಾರು, ಯಾವ ಸಂಸ್ಥೆಯವರು ಎಂಬುದನ್ನು ಹೊರಗೆ ಹೇಳುವಂತಿಲ್ಲ. ಹಾಗೆ ಘೋಷಿಸಿದ್ದರೆ ವೇದಿಕೆಯ ಫೋಟೋವನ್ನೂ ಹಾಕಬಾರದು, ಏಕೆಂದರೆ ಫೋಟೋವೇ ಹೆಸರು ಹೇಳಿಬಿಡುತ್ತದೆ.

2. ಸಭಾಂಗಣದಲ್ಲಿ ಟಿಪ್ಪಣಿ

ಭಾಷಣ ನಡೆಯುತ್ತಿರುವಾಗಲೇ ಪೋಸ್ಟ್ ಹಾಕುತ್ತ ಹೋಗುವವರಿದ್ದಾರೆ. ಆ ಕ್ಷಣಕ್ಕೆ ಕಾಯುತ್ತ ಕುಳಿತವರಿಗೆ ಅದು ಚೆನ್ನ. ಆದರೆ ಬರಲಾಗದವರು ಸಂಜೆ ಕೆಲಸ ಮುಗಿಸಿ ಓದುವವರು. ಅವರಿಗೆ ಬೇಕಾದದ್ದು ವೇಗವಲ್ಲ, ಸರಿಯಾದ ಮಾತು. ಅದಲ್ಲದೆ ಭಾಷಣಕಾರರು ಹತ್ತನೆಯ ನಿಮಿಷದಲ್ಲಿ ಹೇಳಿದ್ದಕ್ಕೆ ಮೂವತ್ತನೆಯ ನಿಮಿಷದಲ್ಲಿ ಒಂದು "ಆದರೆ" ಸೇರಿಸುತ್ತಾರೆ. ಕಾಗದದ ಮೇಲೆ ಬರೆದುಕೊಂಡು, ಗೋಷ್ಠಿ ಮುಗಿದ ಮೇಲೆ ಪೋಸ್ಟ್ ಕಟ್ಟುವುದೇ ನನ್ನ ಪದ್ಧತಿ.

ಟಿಪ್ಪಣಿಯಲ್ಲಿ ಮೂರು ಬಗೆಯ ಮಾತು ಬೆರೆಯದಂತೆ ನೋಡಿಕೊಳ್ಳಬೇಕು. ಭಾಷಣಕಾರರು ಬಾಯಲ್ಲಿ ಹೇಳಿದ್ದನ್ನು ಹಾಗೆಯೇ ಬರೆಯಿರಿ. ತೆರೆಯ ಮೇಲೆ ತೋರಿಸಿದ್ದಕ್ಕೆ ಅಂಚಿನಲ್ಲಿ "ತೆ" ಎಂದು ಗುರುತು ಹಾಕಿ. ನಿಮಗೆ ಹೊಳೆದದ್ದಕ್ಕೆ "ನಾ" ಎಂದು ಹಾಕಿ. ಸಂಜೆಯ ಹೊತ್ತಿಗೆ "ನಾ" ಎಂಬ ಗುರುತಿಲ್ಲದ ನಿಮ್ಮದೇ ಊಹೆ ವಿಜ್ಞಾನಿಯ ಮಾತಾಗಿ ಕಾಣತೊಡಗುತ್ತದೆ.

ಅಂಕಿ ಬಂದಾಗ ಅದರ ಜೊತೆಯ ಅಳತೆಯನ್ನು ಪೂರ್ತಿ ಬರೆಯಿರಿ. ಲೀಟರಿಗೋ, ಮರಕ್ಕೋ, ಎಕರೆಗೋ ಎಂಬುದಿಲ್ಲದ ಅಂಕಿ ಯಾವ ಕೆಲಸಕ್ಕೂ ಬಾರದು. ನಿಮಗೆ ಅಂದಾಜಿನಲ್ಲಿ ನೆನಪಿದೆ ಎನಿಸಿದರೂ ಚಹಾ ವಿರಾಮದಲ್ಲಿ ಭಾಷಣಕಾರರ ಬಳಿ ಹೋಗಿ, "ಸಾರ್, ಇದನ್ನು ಹೀಗೆ ಬರೆದುಕೊಂಡಿದ್ದೇನೆ, ಸರಿಯೇ ನೋಡಿ" ಎಂದು ಅಂಕಿಗಳನ್ನಷ್ಟೇ ಗಟ್ಟಿಯಾಗಿ ಓದಿ ತೋರಿಸಿ. ಎರಡು ನಿಮಿಷದ ಕೆಲಸ. ಬೇಸರಪಟ್ಟುಕೊಂಡವರನ್ನು ನಾನು ಈವರೆಗೆ ಕಂಡಿಲ್ಲ.

3. ಅಳತೆ: 280 ಎಂದರೆ ಕನ್ನಡದಲ್ಲಿ ಎಷ್ಟು

ಟ್ವಿಟರ್ ಎಂಬ ಹೆಸರಿದ್ದ ಕಾಲದಲ್ಲಿ, 2017ರ ನವೆಂಬರ್‌ನಲ್ಲಿ, ಮಿತಿ 140ರಿಂದ 280ಕ್ಕೆ ಏರಿತು. ಉಚಿತ ಖಾತೆಗೆ ಇಂದಿಗೂ ಅದೇ ಮಿತಿ. ಈ 280 ನಾವು ಎಣಿಸುವ ಅಕ್ಷರಗಳಲ್ಲ. ಕಂಪ್ಯೂಟರು ಕನ್ನಡದ ಮೂಲ ಅಕ್ಷರ, ಸ್ವರಚಿಹ್ನೆ, ಅರ್ಧಾಕ್ಷರ ಮಾಡುವ ವಿರಾಮಚಿಹ್ನೆ ಎಲ್ಲವನ್ನೂ ಬೇರೆ ಬೇರೆ ಸಂಕೇತವಾಗಿ ಎಣಿಸುತ್ತದೆ. "ಅಡಿಕೆ" ಎಂಬುದು ನಮಗೆ ಮೂರಕ್ಷರ, ಅದಕ್ಕೆ ಐದು. "ಶಿವಮೊಗ್ಗ" ನಮಗೆ ನಾಲ್ಕು, ಅದಕ್ಕೆ ಎಂಟು. ಒತ್ತಕ್ಷರ ಹೆಚ್ಚಿದಷ್ಟೂ ಜಾಗ ಬೇಗ ತೀರುತ್ತದೆ. "₹" ಗುರುತಿಗೂ ಎಮೋಜಿಗೂ ಎರಡೆರಡು ಸಂಕೇತದ ಲೆಕ್ಕ. ಲಿಂಕ್ ಎಷ್ಟೇ ಉದ್ದವಿದ್ದರೂ 23 ಎಂದೇ ಲೆಕ್ಕ. ಫೋಟೋಗೆ ಲೆಕ್ಕವಿಲ್ಲ.

ನನ್ನ ಅನುಭವದಲ್ಲಿ ಒಂದು ಪೋಸ್ಟಿಗೆ ಮೂವತ್ತರ ಆಸುಪಾಸಿನ ಕನ್ನಡ ಪದಗಳು, ಅಂದರೆ ಎರಡರಿಂದ ನಾಲ್ಕು ವಾಕ್ಯಗಳು ಹಿಡಿಸುತ್ತವೆ. ನಲವತ್ತು ನಿಮಿಷದ ಭಾಷಣಕ್ಕೆ ಎಂಟರಿಂದ ಹನ್ನೆರಡು ಪೋಸ್ಟ್ ಸಾಕು. ಅದಕ್ಕಿಂತ ಹೆಚ್ಚಾದರೆ ಸಾರ ತೆಗೆಯುವುದನ್ನು ಬಿಟ್ಟು ಭಾಷಣವನ್ನೇ ಬರೆದುಕೊಂಡಿದ್ದೀರಿ ಎಂದರ್ಥ.

ಇಲ್ಲಿ ಕನ್ನಡದಲ್ಲಿ ಬರೆಯುವವರಿಗೆ ಒಂದು ಅಪಾಯವಿದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ನಿಷೇಧವೂ ಅಲ್ಲೇ ಬರುತ್ತದೆ. "ಮಳೆ ಬಿಡುವು ಕೊಟ್ಟ ದಿನ ಎಲೆ ಒದ್ದೆಯಿದ್ದರೂ ಔಷಧಿ ಹೊಡೆಯ" ಎಂಬಲ್ಲಿಗೆ ಜಾಗ ಮುಗಿಯಿತು ಎನ್ನಿ. ಮುಂದಿನ ಪೋಸ್ಟಿಗೆ ಹೋದ ತುಂಡು "ಬೇಕು" ಆಗಿತ್ತೋ "ಬಾರದು" ಆಗಿತ್ತೋ ಸ್ಕ್ರೀನ್‌ಶಾಟ್ ನೋಡಿದವರಿಗೆ ಗೊತ್ತಾಗುವುದಿಲ್ಲ. ಆದ್ದರಿಂದ ಒಂದು ವಾಕ್ಯವನ್ನು ಎಂದೂ ಎರಡು ಪೋಸ್ಟಿಗೆ ಒಡೆಯಬೇಡಿ. ಹಾಗೆಯೇ "ಎಂದರು" ಎಂಬುದೂ ಕೊನೆಗೇ ಬರುವುದರಿಂದ, ಮೂರು ವಾಕ್ಯಗಳ ಕೊನೆಯಲ್ಲಿ ಅದನ್ನು ಒಮ್ಮೆ ಬರೆದರೆ ಮೊದಲಿನ ಎರಡು ನಿಮ್ಮ ಮಾತಾಗಿ ಉಳಿಯುತ್ತವೆ. ಯಾರ ಮಾತೆಂಬುದನ್ನು ಪೋಸ್ಟಿನ ಆರಂಭದಲ್ಲೇ ಹೇಳುವುದು ಕ್ಷೇಮ.

ಹ್ಯಾಶ್‌ಟ್ಯಾಗಿನಲ್ಲೂ ಇಂಥದೇ ತೊಡಕು. ವಾಕ್ಯದ ನಡುವೆ #ಅಡಿಕೆಗೆ ಎಂದು ಬರೆದರೆ ಅದು #ಅಡಿಕೆ ಎಂಬ ಹ್ಯಾಶ್‌ಟ್ಯಾಗಿನಡಿ ಸೇರುವುದಿಲ್ಲ. ವಿಭಕ್ತಿ ಪ್ರತ್ಯಯ ಅಂಟಿದೊಡನೆ ಅದು ಬೇರೆಯದೇ ಆಗುತ್ತದೆ. ಹ್ಯಾಶ್‌ಟ್ಯಾಗನ್ನು ಪ್ರತ್ಯಯವಿಲ್ಲದೆ ಪೋಸ್ಟಿನ ಕೊನೆಯಲ್ಲಿ ಇಡಿ. ಒಂದೇ ಇದ್ದರೆ ಸಾಕು.

4. ಪೋಸ್ಟ್ ಕಟ್ಟುವುದು: ಒಂದು ಉದಾಹರಣೆ

ಅಡಿಕೆಯ ಕೊಳೆರೋಗದ ಮೇಲೆ ಒಂದು ಗೋಷ್ಠಿ ನಡೆಯಿತು ಎಂದಿಟ್ಟುಕೊಳ್ಳಿ. ಮಳೆಗಾಲದಲ್ಲಿ ಫೈಟಾಫ್ತೊರಾ ಎಂಬ ರೋಗಾಣುವಿನಿಂದ ಬರುವ, ಎಳೆಯ ಕಾಯಿ ಉದುರಿಸುವ ಈ ರೋಗಕ್ಕೆ ನಮ್ಮವರು ತಲೆತಲಾಂತರದಿಂದ ಗೊನೆಗೆ ಕೊಟ್ಟೆ ಕಟ್ಟಿಯೂ ಬೋರ್ಡೋ ದ್ರಾವಣ ಹೊಡೆಸಿಯೂ ಗೊತ್ತಿರುವವರು. ಹಾಗಾಗಿ ಓದುಗರಿಗೆ ಬೇಕಾದದ್ದು ರೋಗದ ಪರಿಚಯವಲ್ಲ, ಭಾಷಣಕಾರರು ಹೇಳಿದ ಕ್ರಮ. ನನ್ನ ನೋಟ್‌ಬುಕ್ಕಿನ ಸಾಲು ಹೀಗಿರುತ್ತದೆ:

"ಮಳೆಗೆ ಮೊದಲು 1, 40–45 ದಿನ ಬಿಟ್ಟು 2. ಬೋರ್ಡೋ 1% (ತೆ): ಮೈ.ತು. 1 ಕೆಜಿ, ಸು. 1 ಕೆಜಿ, ನೀರು ಒಟ್ಟು 100 ಲೀ. ಅರ್ಧರ್ಧ ಬೇರೆ. ಮೈ.ತು. ಹೋಗಿ ಸು.ಗೆ. ಚಾಕು. ಅವತ್ತೇ. ಸುಣ್ಣ ಸುಟ್ಟದ್ದೋ ಅರಳಿಸಿದ್ದೋ ಕೇಳು (ನಾ)."

ಅವಸರದಲ್ಲಿ ಇದನ್ನು ಹೀಗೆ ಬರೆಯುವವರು ಬಹಳ ಮಂದಿ:

> 3/ ಕೊಳೆಗೆ 1% ಬೋರ್ಡೋನೇ ಬೆಸ್ಟ್. ಮಳೆಗೆ ಮುಂಚೆ ಒಮ್ಮೆ ಹೊಡೆದರೆ ಸಾಕು.

ಇದರಲ್ಲಿ ನಾಲ್ಕು ದೋಷಗಳಿವೆ. "ಸಾಕು" ಎಂದು ಭಾಷಣಕಾರರು ಹೇಳಲೇ ಇಲ್ಲ. ಎರಡನೆಯ ಸಿಂಪಡಣೆಯ ಮಾತು ನಾಲ್ಕನೆಯ ಪೋಸ್ಟಿಗೆ ಹೋದದ್ದರಿಂದ ಈ ತುಂಡು ಸುಳ್ಳಾಯಿತು. 1% ಎಂದರೆ ಮನೆಯ ಡ್ರಮ್ಮಿನಲ್ಲಿ ಎಷ್ಟು ಎಂಬುದು ಇಲ್ಲ. ಮಾತು ಯಾರದೆಂಬುದೂ ಇಲ್ಲ. ಇದನ್ನೇ ನಾನು ಎರಡು ಪೋಸ್ಟ್‌ಗಳಾಗಿ ಬರೆಯುತ್ತೇನೆ:

> 3/ ಅಡಿಕೆ ಕೊಳೆರೋಗಕ್ಕೆ 1% ಬೋರ್ಡೋ ದ್ರಾವಣ (ಭಾಷಣಕಾರರು ಹೇಳಿದ ಪ್ರಮಾಣ): ಮೈಲುತುತ್ತ 1 ಕೆಜಿ, ಸುಟ್ಟ ಸುಣ್ಣ 1 ಕೆಜಿ, ಒಟ್ಟು ನೀರು 100 ಲೀಟರ್. ಮೈಲುತುತ್ತವನ್ನು 50 ಲೀಟರಿನಲ್ಲಿ, ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆ ಬೇರೆಯಾಗಿ ಕರಗಿಸಬೇಕು. ಬೆರೆಸುವ ಕ್ರಮ 4ರಲ್ಲಿದೆ.

> 4/ ಬೋರ್ಡೋ ಬೆರೆಸುವಾಗ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಬೇಕು. ಸುಣ್ಣವನ್ನು ಮೈಲುತುತ್ತಕ್ಕೆ ಸುರಿಯಬಾರದು ಎಂದರು. ಪಾತ್ರೆ ಪ್ಲಾಸ್ಟಿಕ್ಕಿನದೋ ಮಣ್ಣಿನದೋ ಇರಲಿ. ಹೊಳಪಾದ ಕಬ್ಬಿಣದ ಚಾಕು ಅದ್ದಿದಾಗ ಕೆಂಪು ಲೇಪ ಬಂದರೆ ಸುಣ್ಣ ಕಡಿಮೆ: ಇನ್ನಷ್ಟು ಸುಣ್ಣದ ನೀರು ಸೇರಿಸಿ. ಅದೇ ದಿನ ಬಳಸಿ.

ಮೂರನೆಯದು 235ರ ಆಸುಪಾಸಿನಲ್ಲಿದೆ, ನಾಲ್ಕನೆಯದು 255ರ ಹತ್ತಿರ. ಹ್ಯಾಶ್‌ಟ್ಯಾಗಿಗೆ ಜಾಗ ಉಳಿದಿದೆ. "ಬೆರೆಸುವ ಕ್ರಮ 4ರಲ್ಲಿದೆ" ಎಂಬ ಸಣ್ಣ ಸಾಲನ್ನು ಜಾಗ ಉಳಿಸಲೆಂದು ತೆಗೆಯಬೇಡಿ. ಮೂರನೆಯದೊಂದೇ ವಾಟ್ಸ್‌ಆಪಿಗೆ ಬಂದಾಗ, ಇದಿಷ್ಟೇ ಅಲ್ಲ, ಇನ್ನೂ ಇದೆ ಎಂದು ತಿಳಿಸುವುದು ಆ ಸಾಲೇ. ನಾಲ್ಕನೆಯದರಲ್ಲಿ "ಬೋರ್ಡೋ" ಎಂಬ ಪದ ಮತ್ತೆ ಬಂದಿರುವುದೂ ಅದಕ್ಕಾಗಿಯೇ. ಚಾಕುವಿನ ಮಾತಿಗೆ ಇಷ್ಟೊಂದು ಜಾಗ ಕೊಟ್ಟದ್ದು ಏಕೆಂದು ಕೇಳಬಹುದು. ದ್ರಾವಣ ಕೆಟ್ಟಿದೆಯೇ ಎಂದು ಓದುಗರು ತಾವೇ ನೋಡಿಕೊಳ್ಳುವ ಸುಲಭದ ದಾರಿ ಅದು. ಭಾಷಣದಲ್ಲಿ ಅರ್ಧ ನಿಮಿಷದಲ್ಲಿ ಹೋದ ಇಂಥ ಪರೀಕ್ಷೆಗೆ, ಐದು ನಿಮಿಷ ನಡೆದ ಪೀಠಿಕೆಗಿಂತ ಹೆಚ್ಚಿನ ಜಾಗ ಸಲ್ಲಬೇಕು.

ಮೊದಲ ಪೋಸ್ಟನ್ನು ಕೊನೆಗೆ ಬರೆಯಿರಿ. ಅದರಲ್ಲಿ ವಿಷಯ, ಊರು, ದಿನಾಂಕ, ಭಾಷಣಕಾರರ ಹೆಸರು ಮತ್ತು ಗೋಷ್ಠಿಯ ಒಂದೇ ಒಂದು ಮುಖ್ಯ ಮಾತು ಇರಬೇಕು:

> 1/ ಅಡಿಕೆ ಕೊಳೆರೋಗ: ಶಿವಮೊಗ್ಗದ ಗೋಷ್ಠಿಯ ಸಾರ, ಬರಲಾಗದವರಿಗಾಗಿ. (ದಿನಾಂಕ, ಭಾಷಣಕಾರರ ಹೆಸರು) ಮುಖ್ಯ ಮಾತು: ಮಳೆ ಹಿಡಿಯುವ ಮೊದಲು ಒಂದು ಸಿಂಪಡಣೆ, 40–45 ದಿನಗಳ ನಂತರ ಇನ್ನೊಂದು. ಇದು ನನ್ನ ಟಿಪ್ಪಣಿ, ಸಂಘಟಕರ ವರದಿಯಲ್ಲ.

"ಇಂದು" ಎಂದು ಬರೆಯಬೇಡಿ. ಮುಂದಿನ ವರ್ಷ ಮತ್ಯಾರೋ ಇದನ್ನು ಹಂಚಿದಾಗ ಅದು ಅವರ "ಇಂದು" ಆಗಿಬಿಡುತ್ತದೆ. ಭಾಷಣಕಾರರ ಖಾತೆಯನ್ನು ಹೆಸರಿಸುವುದಾದರೆ ಅದು ಅವರದೇ ಖಾತೆ ಎಂದು ಅವರಿಂದಲೇ ಖಚಿತಪಡಿಸಿಕೊಳ್ಳಿ. ಮೊದಲ ಪೋಸ್ಟನ್ನು "@" ಗುರುತಿನಿಂದ ಆರಂಭಿಸಬೇಡಿ. ಅದು ಒಬ್ಬರಿಗೆ ಬರೆದ ಉತ್ತರದಂತೆ ಪರಿಗಣಿತವಾಗಿ ಉಳಿದವರಿಗೆ ಕಾಣದೇ ಹೋಗಬಹುದು.

ಪ್ರಶ್ನೋತ್ತರದಲ್ಲಿ ಕೃಷಿಕರು ತಮ್ಮ ತೋಟದ ನಷ್ಟ, ಸಾಲದ ಮಾತು ಆಡುತ್ತಾರೆ. ಪ್ರಶ್ನೆಯನ್ನೂ ಉತ್ತರವನ್ನೂ ಬರೆಯಿರಿ, ಕೇಳಿದವರ ಹೆಸರನ್ನೂ ಊರನ್ನೂ ಬಿಡಿ.

5. ಹಾಕುವುದು

ಎಲ್ಲ ಪೋಸ್ಟ್‌ಗಳನ್ನೂ ಫೋನಿನ ಟಿಪ್ಪಣಿ ಆಪಿನಲ್ಲಿ ಬರೆದು ಮುಗಿಸಿ. ಎಕ್ಸ್ ಆಪಿನ ಕರಡಿನಲ್ಲಿ ಉಳಿಸಿದ್ದು ಮನೆಯ ಕಂಪ್ಯೂಟರಿನಲ್ಲಿ ತೆರೆದರೆ ಸಿಗದೇ ಹೋಗಬಹುದು. ಬರೆಯುವ ಜಾಗದಲ್ಲಿ ಮೊದಲನೆಯದನ್ನು ಅಂಟಿಸಿ "+" ಗುರುತು ಒತ್ತಿದರೆ ಅದರ ಕೆಳಗೆ ಮುಂದಿನದಕ್ಕೆ ಜಾಗ ತೆರೆಯುತ್ತದೆ. ಹೀಗೆ ಎಲ್ಲವನ್ನೂ ಜೋಡಿಸಿ ಒಂದೇ ಸಲ ಹಾಕಬಹುದು.

ಆಗುಂಬೆ ಕಡೆಯ ಮಳೆಯಲ್ಲೋ ಹೊಸನಗರದ ಒಳದಾರಿಯಲ್ಲೋ ಇದ್ದರೆ ನೆಟ್‌ವರ್ಕ್ ನಡುವೆಯೇ ಕೈಕೊಡುತ್ತದೆ. ಅಂಥಲ್ಲಿ ಒಂದೊಂದಾಗಿ ಹಾಕುವುದಾದರೆ ನಿಮ್ಮದೇ ಕೊನೆಯ ಪೋಸ್ಟಿಗೆ ಉತ್ತರವಾಗಿ ಮುಂದಿನದನ್ನು ಹಾಕಬೇಕು. ಅಭ್ಯಾಸಬಲದಿಂದ ಮೊದಲನೆಯದಕ್ಕೇ ಉತ್ತರಿಸುತ್ತ ಹೋದರೆ ಸರಣಿ ಕವಲೊಡೆಯುತ್ತದೆ. ಹೋಯಿತೋ ಇಲ್ಲವೋ ಎಂಬ ಅನುಮಾನದಲ್ಲಿ ಮತ್ತೆ ಒತ್ತುವ ಮೊದಲು ನಿಮ್ಮ ಖಾತೆಯ ಪುಟವನ್ನು ಒಮ್ಮೆ ತೆರೆದು ನೋಡಿ, ಇಲ್ಲದಿದ್ದರೆ ಒಂದೇ ಪೋಸ್ಟ್ ಎರಡು ಸಲ ಕೂತಿರುತ್ತದೆ. ಒಟ್ಟು ಎಷ್ಟಾಗುತ್ತದೆ ಎಂದು ಗೊತ್ತಿಲ್ಲದಾಗ "3/9" ಎನ್ನುವ ಬದಲು "3/" ಎಂದಷ್ಟೇ ಬರೆಯುವುದು ಲೇಸು.

ಸ್ಲೈಡಿನ ಫೋಟೋ ಹಾಕಿದರೆ ಅದಕ್ಕೆ ಪರ್ಯಾಯ ವಿವರಣೆ, ಅಂದರೆ ಕಣ್ಣು ಕಾಣದವರಿಗೆ ಫೋನ್ ಓದಿ ಹೇಳುವ ಬರಹ, ಸೇರಿಸಿ. ಅದಕ್ಕೆ 1,000 ಸಂಕೇತಗಳಷ್ಟು ಜಾಗವಿದೆ. ಮಸುಕಾದ ಫೋಟೋದ ಕೋಷ್ಟಕವನ್ನು ಪೂರ್ತಿ ಬರೆದಿಡಲೂ ಅದು ಸಾಕು.

6. ತಪ್ಪಾದಾಗ

ಉಚಿತ ಖಾತೆಯಲ್ಲಿ ಹಾಕಿದ ಪೋಸ್ಟನ್ನು ತಿದ್ದಲಾಗದು. ಒಮ್ಮೆ ನಾನು 100 ಲೀಟರ್ ಎಂಬಲ್ಲಿ ಒಂದು ಸೊನ್ನೆ ಬಿಟ್ಟು 10 ಲೀಟರ್ ಎಂದು ಹಾಕಿದ್ದೆ. ಅಂದರೆ ಹತ್ತು ಪಟ್ಟು ಗಟ್ಟಿಯಾದ ದ್ರಾವಣ. ಅರ್ಧ ಗಂಟೆಯಲ್ಲಿ ಕಣ್ಣಿಗೆ ಬಿತ್ತು. ಸರಣಿಯ ಕೊನೆಯಲ್ಲಿ "ತಿದ್ದುಪಡಿ" ಎಂದು ಬರೆದು ಸುಮ್ಮನಾದೆ. ಮೂರು ದಿನ ಕಳೆದು, ನಮ್ಮ ತೋಟದಲ್ಲಿ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರನ ಫೋನಿನಲ್ಲಿ ನನ್ನದೇ ತಪ್ಪು ಪೋಸ್ಟಿನ ಸ್ಕ್ರೀನ್‌ಶಾಟ್ ನೋಡಿದೆ. ಕೊನೆಯಲ್ಲಿ ಹಾಕಿದ ತಿದ್ದುಪಡಿ ಅದರ ಜೊತೆ ಬಂದಿರಲಿಲ್ಲ. ಪುಣ್ಯಕ್ಕೆ ಅವನಿಗೆ ಪ್ರಮಾಣ ನನಗಿಂತ ಚೆನ್ನಾಗಿ ಗೊತ್ತಿತ್ತು.

ಅಂದಿನಿಂದ ಹೀಗೆ ಮಾಡುತ್ತೇನೆ. ಪ್ರಮಾಣ, ದಿನಾಂಕ ಅಥವಾ ಬೇಕು–ಬಾರದುಗಳಲ್ಲಿ ತಪ್ಪಾಗಿದ್ದರೆ ಆ ಪೋಸ್ಟನ್ನು ಅಳಿಸುತ್ತೇನೆ. ನಡುವಿನದನ್ನು ಅಳಿಸಿದರೆ ಅಲ್ಲಿ ಪೋಸ್ಟ್ ಅಳಿಸಲಾಗಿದೆ ಎಂಬ ಸೂಚನೆ ಉಳಿದು ಸರಣಿ ತುಂಡಾದಂತೆ ಕಾಣುತ್ತದೆ, ಆದರೆ ತಪ್ಪು ಪ್ರಮಾಣ ಉಳಿಯುವುದಕ್ಕಿಂತ ಅದು ವಾಸಿ. ಕೆಳಗಿನ ಪೋಸ್ಟ್‌ಗಳು ನಾಲ್ಕೈದೇ ಇದ್ದರೆ ಅವನ್ನೂ ಅಳಿಸಿ ಅಲ್ಲಿಂದ ಮುಂದಕ್ಕೆ ಮತ್ತೆ ಹಾಕುತ್ತೇನೆ. ಹೊಸ ಪೋಸ್ಟಿನಲ್ಲಿ ತಪ್ಪು ಅಂಕಿಯನ್ನೂ ಸರಿ ಅಂಕಿಯನ್ನೂ ಎರಡನ್ನೂ ಬರೆಯಬೇಕು: "ಮೊದಲು 10 ಲೀಟರ್ ಎಂದು ಹಾಕಿದ್ದು ತಪ್ಪು, 100 ಲೀಟರ್ ಸರಿ." ಹಳೆಯ ಸ್ಕ್ರೀನ್‌ಶಾಟ್ ಕಂಡವರು ಆಗ ಮಾತ್ರ ಎರಡನ್ನೂ ಹೋಲಿಸಿ ಗುರುತಿಸಬಲ್ಲರು. ಅದೇ ತಿದ್ದುಪಡಿಯನ್ನು ತಪ್ಪು ಹರಡಿದ ವಾಟ್ಸ್‌ಆಪ್ ಗುಂಪಿಗೂ ಕಳಿಸಬೇಕು. ಕಾಗುಣಿತದ ತಪ್ಪಾಗಿದ್ದರೆ ಇಷ್ಟು ರಂಪ ಬೇಡ, ಹಾಗೇ ಬಿಡಿ.

7. ಖಾತೆಯಿಲ್ಲದವರಿಗೆ

2023ರಿಂದ ಈಚೆಗೆ, ಎಕ್ಸ್‌ನಲ್ಲಿ ಖಾತೆಯಿಲ್ಲದವರು ಲಿಂಕ್ ತೆರೆದರೆ ಸಾಮಾನ್ಯವಾಗಿ ಆ ಒಂದು ಪೋಸ್ಟ್ ಮಾತ್ರ ಕಾಣುತ್ತದೆ. ಕೆಳಗಿನ ಸರಣಿ ಕಾಣುವುದಿಲ್ಲ. ನೀವು ಲಾಗಿನ್ ಆಗಿರುವುದರಿಂದ ನಿಮಗೆ ಇದು ಗೊತ್ತೇ ಆಗುವುದಿಲ್ಲ. ಒಮ್ಮೆ ಬೇರೆ ಬ್ರೌಸರಿನಲ್ಲಿ ಲಾಗಿನ್ ಆಗದೆ ನಿಮ್ಮದೇ ಲಿಂಕ್ ತೆರೆದು ನೋಡಿ. ಮೊದಲ ಪೋಸ್ಟಿನಲ್ಲೇ ಮುಖ್ಯ ಮಾತು ಇರಬೇಕು ಎಂದದ್ದು ಇದಕ್ಕೂ ಸೇರಿ.

ಟಿಪ್ಪಣಿ ಆಪಿನಲ್ಲಿ ಉಳಿದಿರುವ ಅದೇ ಬರಹವನ್ನು ಸಂಖ್ಯೆಗಳ ಸಮೇತ ಒಂದೇ ಸಂದೇಶವಾಗಿ ವಾಟ್ಸ್‌ಆಪಿಗೆ ಕಳಿಸಿ, ಲಿಂಕನ್ನು ಅದರ ಕೊನೆಗೆ ಇಡಿ. ಕಳಿಸುವ ಮೊದಲು, ತಿದ್ದುಪಡಿಯಾದ ಪೋಸ್ಟನ್ನು ಆ ಟಿಪ್ಪಣಿಯಲ್ಲೂ ತಿದ್ದಿದ್ದೀರಾ ಎಂದು ಇನ್ನೊಮ್ಮೆ ನೋಡಿಕೊಳ್ಳಿ.